ಕೈ ಎಳೆದರೋ, ಟ್ಯಾಗ್ ಎಳೆದರೋ? ವಿಚಾರಣಾ ವರದಿ ಬರೆಯಲು ಕೂತು ಸಿಕ್ಕಿಹಾಕಿಕೊಂಡಿದ್ದೇನೆ

ಸ್ಟೋರ್ಸ್ ಅಕ್ಕ

ನಮಸ್ಕಾರ. ಕೋಲಾರ ಜಿಲ್ಲೆಯ ಒಂದು ಫ್ಯಾಕ್ಟರಿಯಲ್ಲಿ ಸ್ಟೋರ್ಸ್ ಲೆಕ್ಕ ನೋಡಿಕೊಳ್ಳುತ್ತೇನೆ. *[ಇಲ್ಲಿದ್ದ ಊರಿನ ಹೆಸರನ್ನು ತೆಗೆದಿದ್ದೇನೆ. – ನಿರ್ವಾಹಕರು]* ಹೋದ ವರ್ಷ ನನ್ನನ್ನು ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಗೆ, ಅದೇ ಎಲ್ಲರೂ ಪಾಶ್ ಕಮಿಟಿ ಅಂತಾರಲ್ಲ, ಅದಕ್ಕೆ ಸೇರಿಸಿದರು. ಒಂದು ದಿನ ಟ್ರೇನಿಂಗ್ ಕೊಟ್ಟರು, ಸಮೋಸ ಕೊಟ್ಟರು, ಅಷ್ಟೇ. ಈಗ ಮೊದಲ ದೂರು ಬಂದಿದೆ. ಅಧ್ಯಕ್ಷೆ ಮೇಡಂ "ನಿಂಗೆ ಕನ್ನಡ ಚೆನ್ನಾಗಿ ಬರುತ್ತೆ, ವರದಿಯ ಡ್ರಾಫ್ಟ್ ನೀನೇ ಮಾಡು" ಅಂದರು.

ದೂರಿನಲ್ಲಿ ಮೂರು ವಿಷಯ ಇವೆ. ಸೂಪರ್‌ವೈಸರ್ ರಾತ್ರಿ ಹೊತ್ತು ವಾಟ್ಸಾಪ್ ಮೆಸೇಜ್ ಕಳಿಸುತ್ತಿದ್ದರು. ಒಂದು ರಾತ್ರಿ ಸೆಕೆಂಡ್ ಶಿಫ್ಟ್ ಮುಗಿಯುವಾಗ ಗೋಡೌನ್ ಬಾಗಿಲ ಹತ್ತಿರ ಹಿಡಿದು ಎಳೆದರು. ಆಮೇಲೆ ಸಿಟ್ಟಿಗೆ ಮೂರು ವಾರ ಸತತ ಸೆಕೆಂಡ್ ಶಿಫ್ಟ್ ಹಾಕಿದರು.

ನನ್ನ ತಲೆನೋವು ಎರಡನೆಯದು. ದೂರಿನ ಅರ್ಜಿಯಲ್ಲಿ "ಕೈ ಹಿಡಿದು ಎಳೆದರು" ಅಂತ ಇದೆ. ನಮ್ಮ ಮುಂದೆ ಕೊಟ್ಟ ಹೇಳಿಕೆಯಲ್ಲಿ "ಅಸಭ್ಯವಾಗಿ ವರ್ತಿಸಿದರು" ಅಂತ ಇದೆ. ಜೊತೆಗೆ ಕೆಲಸ ಮಾಡುವ ಹುಡುಗಿಯ ಹೇಳಿಕೆಯಲ್ಲಿ "ಆ ರಾತ್ರಿ ಬಸ್ಸಿನಲ್ಲಿ ಅಳ್ತಿದ್ಲು, ಟ್ಯಾಗ್ ಕಿತ್ತುಬಿಟ್ಟ ಅಂತ" ಅಂತ ಇದೆ. ಸೂಪರ್‌ವೈಸರ್ ಈ ಮೂರನ್ನೂ ಹಿಡಿದುಕೊಂಡು "ನೋಡಿ, ಮೂರು ಕಥೆ" ಅಂತಿದ್ದಾರೆ. ಕಣ್ಣಾರೆ ನೋಡಿದವರು ಯಾರೂ ಇಲ್ಲ. ಸಿಸಿಟಿವಿ ಕೇಳಿದಾಗ 30 ದಿನದ ಮೇಲೆ ತಾನಾಗೇ ಅಳಿಸಿಹೋಗುತ್ತೆ ಅಂದರು. ದೂರು ಬಂದದ್ದೇ 39ನೇ ದಿನಕ್ಕೆ.

ಹೇಗೆ ಬರೆಯಲಿ?

ಗಡಿಯಾರದ ಬೀದಿ

ಅಕ್ಕ, ಇದು ಸಿಂಪಲ್. ಸಾಕ್ಷಿ ಇಲ್ಲ, ಕ್ಯಾಮೆರಾ ಇಲ್ಲ, ಹೇಳಿಕೆ ಒಂದಕ್ಕೊಂದು ತಾಳೆ ಆಗಲ್ಲ. ಸಂಶಯದ ಲಾಭ ಆ ಮನುಷ್ಯನಿಗೆ ಹೋಗಬೇಕು. "ಸಾಬೀತಾಗಿಲ್ಲ" ಅಂತ ಬರೆದು ಫೈಲು ಮುಚ್ಚಿ. ವಾಟ್ಸಾಪ್ ಸ್ಕ್ರೀನ್‌ಶಾಟ್ ಕೂಡ ಸರ್ಟಿಫಿಕೇಟ್ ಇಲ್ಲದೆ ನಡೆಯಲ್ಲ. ನಮ್ಮ ಭಾವ ಕೋರ್ಟಿನಲ್ಲಿ ಟೈಪಿಸ್ಟ್, ದಿನಾ ಇದನ್ನೇ ನೋಡ್ತಾರೆ. ಸಾಬೀತಾಗದಿದ್ದರೆ ಸುಳ್ಳು ದೂರು ಅಂತ ಅವರ ಮೇಲೂ ಕ್ರಮ ಶಿಫಾರಸು ಮಾಡಬಹುದು.

ಹಳೇ ಫೈಲು

ಸ್ವಲ್ಪ ತಡೀರಿ ಬೀದಿಯವರೇ. ನಾನು ಎರಡು ಕಾರ್ಖಾನೆಗಳ ಸಮಿತಿಯಲ್ಲಿ ಹೊರಗಿನ ಸದಸ್ಯೆಯಾಗಿದ್ದೇನೆ, ಅದಕ್ಕೆ ಮೊದಲು ಹದಿನೈದು ವರ್ಷ ಕಾರ್ಮಿಕರ ವಿಚಾರಣೆಗಳಲ್ಲೇ ಕೂತವಳು. ನೀವು ಹೇಳಿದ್ದು ಕ್ರಿಮಿನಲ್ ಕೋರ್ಟಿನ ಅಳತೆಗೋಲು. ಸಮಿತಿಗೆ ಅದು ಅನ್ವಯಿಸುವುದಿಲ್ಲ. ಎರಡೂ ಕಡೆಯದನ್ನು ತೂಗಿದಾಗ ಹೀಗೆ ನಡೆದಿರುವ ಸಂಭವ ಜಾಸ್ತಿಯೋ, ನಡೆದಿಲ್ಲ ಅನ್ನುವ ಸಂಭವ ಜಾಸ್ತಿಯೋ ಅಂತ ನೋಡುವುದು ಸಮಿತಿಯ ಕೆಲಸ.

ಸರ್ಟಿಫಿಕೇಟ್ ವಿಷಯದಲ್ಲಿ ನಿಮ್ಮ ಭಾವ ಹೇಳಿದ್ದು ಕೋರ್ಟಿಗೆ ಸರಿ. ಸಮಿತಿ ಸಾಕ್ಷ್ಯ ಕಾಯ್ದೆಯ ಕಟ್ಟುನಿಟ್ಟಿಗೆ ಒಳಪಟ್ಟಿಲ್ಲ. ಆದರೆ ಸ್ಕ್ರೀನ್‌ಶಾಟ್‌ನ ಪ್ರಿಂಟ್ ಇಟ್ಟುಕೊಂಡು ಸುಮ್ಮನಿರುವುದೂ ತಪ್ಪು. ಆಕೆಯ ಫೋನನ್ನೇ ತರಿಸಿ, ಸಮಿತಿಯವರೆಲ್ಲ ಕೂತು ಚಾಟ್ ತೆರೆದು ನೋಡಬೇಕು. ಹೆಸರನ್ನು ಯಾರು ಏನಾದರೂ ಸೇವ್ ಮಾಡಿಕೊಳ್ಳಬಹುದು, ಹಾಗಾಗಿ ನಂಬರ್ ನೋಡಿ. ಆ ನಂಬರ್ ಎಚ್‌ಆರ್ ದಾಖಲೆಯಲ್ಲಿ ಅವರದೇ ಹೌದಾ ಅಂತ ತಾಳೆ ಮಾಡಿ. "ಇಂಥ ದಿನ ಮೂಲ ಫೋನಿನಲ್ಲಿ ನೋಡಿದೆವು, ಪ್ರಿಂಟಿಗೂ ಅದಕ್ಕೂ ವ್ಯತ್ಯಾಸ ಇಲ್ಲ" ಅಂತ ಒಂದು ಪುಟ ಬರೆದು ಎಲ್ಲರೂ ಸಹಿ ಹಾಕಿ. ಮುಂದೆ ವಿಷಯ ಮೇಲ್ಮನವಿಗೆ ಹೋದರೆ ಆ ಪುಟ ಕಾಪಾಡುತ್ತದೆ.

ಸುಳ್ಳು ದೂರು ಅನ್ನುವ ಮಾತನ್ನು ಅಷ್ಟು ಸಲೀಸಾಗಿ ಆಡಬೇಡಿ. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯ 14ನೇ ಕಲಂನಲ್ಲೇ ಇದೆ: ಬರೀ ಸಾಬೀತು ಮಾಡಲು ಆಗಲಿಲ್ಲ ಅಂದ ಮಾತ್ರಕ್ಕೆ ದೂರು ಕೊಟ್ಟವರ ಮೇಲೆ ಕ್ರಮ ಇಲ್ಲ. ದುರುದ್ದೇಶ ಇತ್ತು ಅಂತ ಬೇರೆಯಾಗಿ ವಿಚಾರಣೆ ಮಾಡಿ ತೋರಿಸಬೇಕು.

ಸ್ಟೋರ್ಸ್ ಅಕ್ಕ, ನಿಮಗೊಂದು ಪ್ರಶ್ನೆ. ಆಕೆ ನಿಮ್ಮ ಮುಂದೆ ಕೂತಾಗ ಬಾಯಲ್ಲಿ ಹೇಳಿದ ಮಾತು ಯಾವುದು? "ಅಸಭ್ಯವಾಗಿ ವರ್ತಿಸಿದರು" ಅಂತ ಪ್ಯಾಕಿಂಗ್ ಲೈನಿನಲ್ಲಿ ನಿಂತು ಕೆಲಸ ಮಾಡುವ ಯಾವ ಹುಡುಗಿಯೂ ಮಾತಾಡುವುದಿಲ್ಲ. ಅದು ಬರೆದುಕೊಂಡವರ ಮಾತು.

ಸ್ಟೋರ್ಸ್ ಅಕ್ಕ

ಅಯ್ಯೋ ಮೇಡಂ, ಹಿಡಿದುಬಿಟ್ಟಿರಿ. ಬರೆದುಕೊಂಡಿದ್ದು ನಾನೇ.

ಆಕೆ ಮನೆಮಾತು ತೆಲುಗು. ನಮ್ಮ ಕಡೆ ಗೊತ್ತಲ್ಲ, ಅರ್ಧ ವಾಕ್ಯ ಕನ್ನಡ, ಅರ್ಧ ತೆಲುಗು. ಆ ಜಾಗಕ್ಕೆ ಬಂದಾಗ ಆಕೆ ಪೂರ್ತಿ ತೆಲುಗಿಗೆ ಹೋದಳು. "ಟ್ಯಾಗ್ ಪಟ್ಕೊನಿ ಲಾಗಿನಾಡು" ಅಂದಳು. ಕತ್ತಿನಲ್ಲಿದ್ದ ಐಡಿ ಕಾರ್ಡಿನ ಟ್ಯಾಗ್ ಹಿಡಿದು ಎಳೆದ ಅಂತ. ಹೇಳುತ್ತಾ ತನ್ನ ಕೈಯಲ್ಲೇ ಎದೆ ಹತ್ತಿರ ಹಿಡಿದು ತೋರಿಸಿದಳು. ನನಗೆ ಅದನ್ನು ಬರೆಯಲು ಮುಜುಗರ ಆಯಿತು. ಎದುರಿಗೆ ಸಮಿತಿಯ ಗಂಡಸರೊಬ್ಬರು ಬೇರೆ ಕೂತಿದ್ದರು. ಮರ್ಯಾದೆಯಾಗಿ ಇರಲಿ ಅಂತ "ಅಸಭ್ಯವಾಗಿ" ಅಂತ ಬರೆದೆ.

ಹಳೇ ಫೈಲು

ನೋಡಿ, ಅಲ್ಲೇ ಸಾಕ್ಷ್ಯ ಹೋಯಿತು. ನಿಮ್ಮ ಮರ್ಯಾದೆಯ ಪದ ಆಕೆಯ ಸಾಕ್ಷ್ಯವನ್ನು ನುಂಗಿಬಿಟ್ಟಿತು. "ಅಸಭ್ಯ" ಅಂದರೆ ಏನಾದರೂ ಆಗಬಹುದು, ಹಾಗಾಗಿ ಅದಕ್ಕೆ ಯಾವುದನ್ನೂ ತಾಳೆ ಹಾಕಲು ಆಗುವುದಿಲ್ಲ. "ಟ್ಯಾಗ್ ಹಿಡಿದು ಎಳೆದ" ಅಂದರೆ ತಾಳೆ ಹಾಕಲು ಹತ್ತು ದಾರಿ ಇವೆ.

ಈಗಲೂ ಸರಿಪಡಿಸಬಹುದು. ಆದರೆ ಹಳೆಯ ಹಾಳೆಯನ್ನು ಹರಿಯಬೇಡಿ, ವೈಟ್ನರ್ ಹಚ್ಚಬೇಡಿ. ಆಕೆಯನ್ನು ಮತ್ತೆ ಕರೆಸಿ. ಕೋರಂ ಇರಬೇಕು, ಅಂದರೆ ಅಧ್ಯಕ್ಷೆಯೂ ಸೇರಿ ಕಡಿಮೆ ಅಂದರೆ ಮೂವರು. ಹಳೇ ಹೇಳಿಕೆಯನ್ನು ಆಕೆಗೆ ಅರ್ಥವಾಗುವ ಹಾಗೆ ಓದಿ ಹೇಳಿ. "ಈ ಜಾಗದಲ್ಲಿ ನೀವು ಹೇಳಿದ ಮಾತು ಯಾವುದು?" ಅಂತ ಕೇಳಿ. ಏನು ಹೇಳುತ್ತಾಳೋ ಅದನ್ನೇ, ತೆಲುಗು ಮಾತನ್ನು ಕನ್ನಡ ಅಕ್ಷರದಲ್ಲಿ ಹಾಗೇ ಬರೆದು, ಕೆಳಗೆ ಕನ್ನಡದ ಅರ್ಥ ಬರೆಯಿರಿ. ಕೈಯಲ್ಲಿ ತೋರಿಸಿದರೆ ಅದನ್ನೂ ಬರೆಯಿರಿ. ಮೊದಲ ಸಲ ಬರೆದುಕೊಂಡವರು ತಮ್ಮ ಪದ ಹಾಕಿದ್ದರು ಅಂತಲೂ ಒಂದು ಸಾಲು ಇರಲಿ. ಪ್ರತಿ ಪುಟಕ್ಕೂ ಆಕೆಯ ಸಹಿ, ನಿಮ್ಮೆಲ್ಲರ ಸಹಿ.

ಒಂದು ಎಚ್ಚರ. "ಟ್ಯಾಗ್ ಅಲ್ವಾ ಎಳೆದಿದ್ದು?" ಅಂತ ನೀವೇ ಬಾಯಿಗೆ ಹಾಕಬೇಡಿ. ಪ್ರಶ್ನೆಯನ್ನೂ ಬರೆಯಿರಿ, ಉತ್ತರವನ್ನೂ ಬರೆಯಿರಿ. ಈ ಹೊಸ ಹೇಳಿಕೆಯ ಪ್ರತಿ ಎದುರಿನವರಿಗೂ ಹೋಗಬೇಕು, ಅವರಿಗೂ ಪ್ರಶ್ನೆ ಕೇಳುವ ಅವಕಾಶ ಇರಬೇಕು. ಮುಖಾಮುಖಿ ಬೇಡ ಅನ್ನಿಸಿದರೆ ಪ್ರಶ್ನೆಗಳನ್ನು ಬರೆದು ಕೊಡಲಿ, ಸಮಿತಿಯವರು ಕೇಳಿ ಉತ್ತರ ಬರೆದುಕೊಳ್ಳಿ.

ಬಂಗಾರದ ಗಣಿ

ನಂದೂ ಒಂದು ವಿಚಾರಣೆ ಕೇಸ್ ಇದೆ. ಎರಡು ವರ್ಷದ ಹಿಂದೆ ಓಟಿ ದುಡ್ಡು ಕೊಟ್ಟಿಲ್ಲ ಅಂತ ಕಂಪನಿಗೆ ಅರ್ಜಿ ಕೊಟ್ಟೆ. ಮೂರು ಜನ ಕೂರಿಸಿ ಕೇಳಿದರು, ಟೀ ಕೊಟ್ಟರು, ಇವತ್ತಿನವರೆಗೂ ವರದಿ ಕೊಟ್ಟಿಲ್ಲ. ಈ 90 ದಿನದೊಳಗೆ ವಿಚಾರಣೆ ಮುಗಿಸಬೇಕು ಅಂತಾರಲ್ಲ, ಅದು ನನಗೂ ಅನ್ವಯ ಆಗುತ್ತಾ?

ಹಳೇ ಫೈಲು

ಆಗಲ್ಲ ಸರ್. 90 ದಿನದ ಗಡುವು ಲೈಂಗಿಕ ಕಿರುಕುಳದ ದೂರಿಗೆ ಮಾತ್ರ. ಓಟಿ ದುಡ್ಡಿನ ವಿಷಯಕ್ಕೆ ಕಾರ್ಮಿಕ ಇಲಾಖೆಯ ಅಧಿಕಾರಿಯ ಹತ್ತಿರ ಹೋಗಿ, ಪೇ ಸ್ಲಿಪ್ ಮತ್ತು ಪಂಚ್ ವಿವರ ಜೊತೆಗಿರಲಿ. ಇದಕ್ಕೆ ಬೇರೆ ಥ್ರೆಡ್ ಮಾಡಿದರೆ ಅಲ್ಲಿ ಬರೆಯುತ್ತೇನೆ.

ಬಂಗಾರದ ಗಣಿ

ಸರಿ. ಟೀ ಮಾತ್ರ ಚೆನ್ನಾಗಿತ್ತು.

ಸ್ಟೋರ್ಸ್ ಅಕ್ಕ

ಹೇಳಿದ ಹಾಗೆ ಮಾಡಿದೆವು. ಹೋದ ಗುರುವಾರ ಆಕೆಯನ್ನು ಕರೆಸಿ ಓದಿ ಹೇಳಿದೆವು. ಟ್ಯಾಗ್ ಹಿಡಿದು ಎಳೆದರು, ನಾನು ಬಿಡಿಸಿಕೊಳ್ಳಲು ಕೈ ಹಾಕಿದೆ, ಆಗ ಕೈ ಸಮೇತ ಹಿಡಿದರು, ಜೋರಾಗಿ ಹಿಂದೆ ಸರಿದಾಗ ಟ್ಯಾಗಿನ ಕ್ಲಿಪ್ ಮುರಿಯಿತು ಅಂದಳು. ಅರ್ಜಿಯಲ್ಲಿ "ಕೈ ಹಿಡಿದು" ಅಂತ ಯಾಕೆ ಬಂತು ಅಂತ ಕೇಳಿದೆವು. ಅರ್ಜಿ ಬರೆದದ್ದು ಅವಳ ಚಿಕ್ಕಪ್ಪನ ಮಗ, ಇವಳು ಹೇಳಿದ್ದರಲ್ಲಿ ಅವನಿಗೆ ಬರೆಯಲು ಆಗುವಷ್ಟನ್ನು ಬರೆದಿದ್ದಾನೆ. ನನ್ನ ಮುಜುಗರವೇ ಅವನಿಗೂ ಆಗಿದೆ ಅನ್ನಿಸುತ್ತೆ.

ಇನ್ನೊಂದು ಸಿಕ್ಕಿತು. ಕ್ಲಿಪ್ ಮುರಿದಿದ್ದರೆ ಮಾರನೇ ದಿನ ಗೇಟಿನಲ್ಲಿ ಏನು ಮಾಡಿದಳು ಅಂತ ನನಗೆ ಹೊಳೆಯಿತು. ನಮ್ಮಲ್ಲಿ ಟ್ಯಾಗ್ ಇಲ್ಲದೆ ಸೆಕ್ಯುರಿಟಿಯವರು ಒಳಗೆ ಬಿಡುವುದಿಲ್ಲ. ಸೆಕ್ಯುರಿಟಿ ರೂಮಿನಲ್ಲಿ ಉದ್ದದ ಹಸಿರು ರಟ್ಟಿನ ರಿಜಿಸ್ಟರ್ ಇದೆ, ಗೇಟ್ ಪಾಸ್, ಬೀಗದ ಕೈ, ಟ್ಯಾಗ್ ಎಲ್ಲ ಅದರಲ್ಲೇ. ತೆಗೆಸಿ ನೋಡಿದೆವು. ಘಟನೆಯ ಮಾರನೇ ದಿನ ಮಧ್ಯಾಹ್ನ 1:48ಕ್ಕೆ ಆಕೆಯ ಟೋಕನ್ ನಂಬರ್, ಪಕ್ಕದಲ್ಲಿ "ಕ್ಲಿಪ್ ಮುರಿದಿದೆ, ಹೊಸ ಟ್ಯಾಗ್ ಕೊಟ್ಟಿದೆ", ಆಕೆಯ ಸಹಿ. ಗಾರ್ಡ್ ಅಣ್ಣನ ಕೈಬರಹ, "ಕ್ಲಿಪ್" ಅನ್ನುವುದಕ್ಕೆ "ಕಿಲ್ಪ್" ಅಂತ ಬರೆದಿದ್ದಾನೆ. ನನಗೆ ಮೈ ಜುಂ ಅಂತು.

ಹಳೇ ಫೈಲು

ಶಭಾಷ್. ದೂರು ಬರುವ 38 ದಿನ ಮೊದಲು, ಯಾವ ಜಗಳವೂ ಗೊತ್ತಿಲ್ಲದ ಒಬ್ಬ ಗಾರ್ಡ್ ಬರೆದ ಸಾಲು ಅದು. ವಿಚಾರಣೆಗೋಸ್ಕರ ಹುಟ್ಟಿದ ಕಾಗದ ಅಲ್ಲ. ಅದರ ತೂಕ ಅಲ್ಲಿದೆ. ರಿಜಿಸ್ಟರಿನ ಆ ಪುಟ ಮಾತ್ರ ಅಲ್ಲ, ಹಿಂದಿನ ಮುಂದಿನ ಪುಟವನ್ನೂ ಪ್ರತಿ ಮಾಡಿಸಿ. ಆಮೇಲೆ ಸೇರಿಸಿದ ಸಾಲು ಅಂತ ಯಾರೂ ಅನ್ನಬಾರದು. ಕ್ರಮಸಂಖ್ಯೆ ಸರಿಯಾಗಿ ಓಡುತ್ತಿದೆಯಾ ನೋಡಿ.

ಆದರೆ ಆ ಸಾಲು ಎಷ್ಟು ಹೇಳುತ್ತದೋ ಅಷ್ಟನ್ನೇ ಹೇಳಿಸಿ. ಟ್ಯಾಗ್ ಮುರಿದಿತ್ತು ಅನ್ನುವುದನ್ನು ಹೇಳುತ್ತದೆ. ಯಾರು ಮುರಿದರು ಅನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ಆ ರಾತ್ರಿಯೇ ಬಸ್ಸಿನಲ್ಲಿ ಜೊತೆಯ ಹುಡುಗಿಗೆ ಹೇಳಿದ ಮಾತು ಸೇರಬೇಕು. ಸೂಪರ್‌ವೈಸರ್ ಏನಂತಾರೆ?

ಸ್ಟೋರ್ಸ್ ಅಕ್ಕ

ಮೊದಲು ಕೊಟ್ಟ ಲಿಖಿತ ಉತ್ತರದಲ್ಲಿ "ಆ ಹೊತ್ತಿನಲ್ಲಿ ನಾನು ಗೋಡೌನ್ ಕಡೆ ಹೋಗಿಯೇ ಇಲ್ಲ" ಅಂತ ಇತ್ತು. ಡಿಸ್ಪ್ಯಾಚ್ ರಿಜಿಸ್ಟರಿನಲ್ಲಿ ರಾತ್ರಿ 9:40ಕ್ಕೆ ಲಾರಿ ಲೋಡಿಗೆ ಅವರದೇ ಸಹಿ ಇದೆ, ಅದು ಗೋಡೌನ್ ಬಾಗಿಲಿಗೆ ಹತ್ತು ಹೆಜ್ಜೆ. ಅದನ್ನು ತೋರಿಸಿದ ಮೇಲೆ "ಕನ್ವೇಯರ್ ಹತ್ತಿರ ಟ್ಯಾಗ್ ಜೋತಾಡುತ್ತಿತ್ತು, ಒಳಗೆ ಹಾಕ್ಕೋ ಅಂತ ಹೇಳಿರಬಹುದು" ಅಂದರು.

ಗಡಿಯಾರದ ಬೀದಿ

ಆಗ ಅವನೇ ಸುಳ್ಳುಗಾರ. ಮುಗೀತಲ್ಲ. ಡಿಸ್ಮಿಸ್ ಅಂತ ಬರೀರಿ.

ಹಳೇ ಫೈಲು

ನಿನ್ನೆ ಸಂಶಯದ ಲಾಭ ಕೊಟ್ಟಿರಿ, ಇವತ್ತು ಕೆಲಸವನ್ನೇ ಕಿತ್ತಿರಿ! ಹಾಗಲ್ಲ. ಆಕೆಯ ಮಾತು ಬದಲಾಯಿತು ಅಂದಾಗ ಯಾವ ತಕ್ಕಡಿ ಹಿಡಿದೆವೋ ಅದೇ ತಕ್ಕಡಿಯನ್ನು ಇವರಿಗೂ ಹಿಡಿಯಬೇಕು. ಲಾರಿ ಲೋಡ್ ಆದದ್ದು ಮರೆತುಹೋಗಿರಬಹುದಾ? ಇರಬಹುದು, ತಿಂಗಳು ದಾಟಿತ್ತು. ಅದನ್ನು ಅವರನ್ನೇ ಕೇಳಿ ಉತ್ತರ ಬರೆದುಕೊಳ್ಳಿ. ವರದಿಯಲ್ಲಿ "ಸುಳ್ಳು ಹೇಳಿದರು" ಅಂತ ಬರೆಯಬೇಡಿ. ಮೊದಲು ಹೀಗೆ ಹೇಳಿದರು, ದಾಖಲೆ ತೋರಿಸಿದ ಮೇಲೆ ಹೀಗೆ ಹೇಳಿದರು, ಬದಲಾವಣೆಗೆ ಕೊಟ್ಟ ಕಾರಣ ಇದು, ಆ ಕಾರಣ ನಮಗೆ ಒಪ್ಪಿಗೆಯಾಯಿತು ಅಥವಾ ಆಗಲಿಲ್ಲ, ಯಾಕೆಂದರೆ ಹೀಗೆ. ಆಕೆಯ ವ್ಯತ್ಯಾಸಕ್ಕೂ ಇದೇ ನಾಲ್ಕು ಮಾತು.

ಮೂರು ಆರೋಪಕ್ಕೂ ಸೇರಿಸಿ ಒಂದೇ ತೀರ್ಮಾನ ಬರೆಯುವುದೂ ಬೇಡ. ಶಿಫ್ಟ್ ವಿಷಯದಲ್ಲಿ ಏನು ಸಿಕ್ಕಿತು?

ಸ್ಟೋರ್ಸ್ ಅಕ್ಕ

ರೋಸ್ಟರ್ ನೋಡಿದೆವು. ಆಕೆಯ ತಂಡದ ಆರು ಜನಕ್ಕೂ ಆ ಮೂರು ವಾರ ಸೆಕೆಂಡ್ ಶಿಫ್ಟೇ ಇತ್ತು. ರೋಸ್ಟರ್‌ಗೆ ಸಹಿ ಹಾಕಿದ್ದು ಪ್ಲಾನಿಂಗ್‌ನವರು. ಇದನ್ನು "ಸಾಬೀತಾಗಿಲ್ಲ" ಅಂತ ಬರೆದರೆ ಆಕೆಗೆ ಬೇಜಾರಾಗುತ್ತೆ, ಉಳಿದ ಎರಡೂ ಸಡಿಲ ಆಗುತ್ತೆ ಅಂತ ನನಗೆ ಭಯ.

ಹಳೇ ಫೈಲು

ಸಡಿಲ ಆಗಲ್ಲ, ಗಟ್ಟಿ ಆಗುತ್ತೆ. ಕೇಳಿದ್ದಕ್ಕೆಲ್ಲ ಹೂಂ ಅನ್ನಲಿಲ್ಲ, ಒಂದೊಂದನ್ನೂ ನೋಡಿದ್ದಾರೆ ಅಂತ ಮೇಲ್ಮನವಿಯಲ್ಲಿ ಕಾಣುತ್ತದೆ. ಸಾಬೀತಾಗಿಲ್ಲ ಅಂದರೆ ಆಕೆ ಹೇಳಿದ್ದು ಸುಳ್ಳು ಅಂತಲ್ಲ ಅನ್ನುವುದನ್ನೂ ಒಂದು ಸಾಲಿನಲ್ಲಿ ಹೇಳಿ. ಆಕೆಗೆ ಹಾಗೆ ಅನ್ನಿಸಲು ಕಾರಣ ಇತ್ತು, ರೋಸ್ಟರ್ ಬೇರೆ ಹೇಳುತ್ತದೆ, ಅಷ್ಟೇ.

ಆತುರ ಮಾತ್ರ ಬೇಡ. 2023ರ ಮೇ ತಿಂಗಳಲ್ಲಿ ಗೋವಾ ವಿಶ್ವವಿದ್ಯಾಲಯದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇಡೀ ಕ್ರಮವನ್ನು ರದ್ದು ಮಾಡಿ ಹಿಂದಕ್ಕೆ ಕಳಿಸಿತು. ಸಮಿತಿ ಅವಸರ ಮಾಡಿ ಎದುರಿನವರಿಗೆ ಸರಿಯಾದ ಅವಕಾಶ ಕೊಡಲಿಲ್ಲ ಅನ್ನುವುದೇ ಕಾರಣ. ದೂರು ಕೊಟ್ಟವರು ವರ್ಷಗಟ್ಟಲೆ ಆದಮೇಲೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತೆ. ನೀವು ಬರೆದ ತೀರ್ಮಾನದ ಪ್ರತಿಯನ್ನು ಮೊದಲು ಇಬ್ಬರಿಗೂ ಕೊಡಿ, ಅವರ ಆಕ್ಷೇಪ ತೆಗೆದುಕೊಳ್ಳಿ, ಅದನ್ನೂ ನೋಡಿ ಆಮೇಲೆ ಕೊನೆಯ ವರದಿ. ವಿಚಾರಣೆ ಮುಗಿದ 10 ದಿನದೊಳಗೆ ಅದು ಮಾಲೀಕರಿಗೂ ಇಬ್ಬರಿಗೂ ಹೋಗಬೇಕು. ಶಿಫಾರಸಿನ ಮೇಲೆ ಕ್ರಮಕ್ಕೆ ಮಾಲೀಕರಿಗೆ 60 ದಿನ.

ಶಾಲೆ ಗಂಟೆ

ನಾನು ಚಿಕ್ಕಬಳ್ಳಾಪುರ ಕಡೆ ಸರ್ಕಾರಿ ಶಾಲೆಯಲ್ಲಿದ್ದೇನೆ. ಓದುತ್ತಾ ಓದುತ್ತಾ ಒಂದು ಅನ್ನಿಸಿತು, ಕಟುವಾಗಿ ಹೇಳ್ತಿದ್ದೀನಿ ಅಂತ ತಿಳಿಯಬೇಡಿ. ಗುಟ್ಟಾಗಿ ಇಡಬೇಕಾದ ವಿಚಾರಣೆಯನ್ನು ಸ್ಟೋರ್ಸ್ ಅಕ್ಕ ಇಲ್ಲಿ ಊರೆಲ್ಲ ಓದುವ ಹಾಗೆ ಬರೆದಿದ್ದಾರಲ್ಲ? ಹಸಿರು ರಿಜಿಸ್ಟರ್, ಮುರಿದ ಕ್ಲಿಪ್, ಮಧ್ಯಾಹ್ನ 1:48. ಆ ಫ್ಯಾಕ್ಟರಿಯವರು ಯಾರಾದರೂ ಓದಿದರೆ ಗೊತ್ತಾಗಲ್ವಾ?

ಸ್ಟೋರ್ಸ್ ಅಕ್ಕ

ದಿನ, ಟೈಮು, ವಿಭಾಗ, ರಿಜಿಸ್ಟರಿನ ಬಣ್ಣ ಎಲ್ಲ ಬದಲಾಯಿಸಿ ಬರೆದಿದ್ದೇನೆ. ಮುರಿದದ್ದೂ ಕ್ಲಿಪ್ ಅಲ್ಲ. ಆದರೂ ನೀವು ಹೇಳಿದ ಮೇಲೆ ರಾತ್ರಿ ನಿದ್ದೆ ಬರಲಿಲ್ಲ.

ಹಳೇ ಫೈಲು

ಶಾಲೆಯವರು ಕೇಳಿದ್ದು ಸರಿ. ನಾನೇ ಮೊದಲು ಹೇಳಬೇಕಿತ್ತು, ವಿಷಯದ ರುಚಿಯಲ್ಲಿ ಮರೆತೆ. 16ನೇ ಕಲಂ ಪ್ರಕಾರ ದೂರಿನ ವಿಷಯ, ಇಬ್ಬರ ಮತ್ತು ಸಾಕ್ಷಿಗಳ ಗುರುತು, ವಿಚಾರಣೆಯಲ್ಲಿ ನಡೆದದ್ದು, ಶಿಫಾರಸು, ತೆಗೆದುಕೊಂಡ ಕ್ರಮ ಯಾವುದೂ ಹೊರಗೆ ಹೋಗಬಾರದು. ದೂರು ಕೊಟ್ಟವರದು ಮಾತ್ರ ಗುಟ್ಟು ಅಂತ ಬಹಳ ಜನ ತಿಳಿದಿದ್ದಾರೆ. ಆರೋಪ ಬಂದವರದೂ ಅಷ್ಟೇ ಗುಟ್ಟು. ಈ ಗುಟ್ಟಿನ ನಿಯಮ ಮುರಿದವರಿಗೆ ಕಂಪನಿಯ ಸೇವಾ ನಿಯಮ ಇದ್ದರೆ ಅದರ ಪ್ರಕಾರ ಶಿಕ್ಷೆ, ಇಲ್ಲದಿದ್ದರೆ 5,000 ರೂಪಾಯಿ ದಂಡ. ನಿರ್ವಾಹಕರೇ, ಊರಿನ ಹೆಸರು ತೆಗೆಯಿರಿ.

ನಿರ್ವಾಹಕರು

ತೆಗೆದಿದ್ದೇನೆ. ಇನ್ನು ಮುಂದೆ ಪ್ರಕರಣದ ಹೊಸ ವಿವರ ಬೇಡ. ಬರೆಯುವ ರೀತಿ, ದಾಖಲೆ ಇಡುವ ರೀತಿ ಬಗ್ಗೆ ಮಾತ್ರ ಮಾತಾಡೋಣ.

ಶಾಲೆ ಗಂಟೆ

ನಮ್ಮ ಸರ್ಕಾರಿ ಕಚೇರಿಗಳಲ್ಲಿ ಯಾರಾದರೂ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಈ ವರದಿ ಕೇಳಿದರೆ?

ಹಳೇ ಫೈಲು

ಮಾಹಿತಿ ಹಕ್ಕು ಕಾಯ್ದೆ ಇದ್ದರೂ ಕೊಡುವಂತಿಲ್ಲ ಅಂತ ಅದೇ 16ನೇ ಕಲಂ ಹೇಳುತ್ತದೆ. ನ್ಯಾಯ ಸಿಕ್ಕಿತು ಅನ್ನುವುದನ್ನು ಹೆಸರು, ವಿಳಾಸ, ಗುರುತು ಯಾವುದೂ ಇಲ್ಲದೆ ಹೇಳಬಹುದು ಅಷ್ಟೇ.

ಗುರುತು ಅಂದರೆ ಬರೀ ಹೆಸರಲ್ಲ. ಒಂದು ಕಡೆ ನಾನು ನೋಡಿದ ವರದಿಯಲ್ಲಿ ಹೆಸರಿನ ಬದಲು "ಸಾಕ್ಷಿ 1", "ಸಾಕ್ಷಿ 2" ಅಂತ ಚೆನ್ನಾಗಿ ಹಾಕಿದ್ದರು. ಮುಂದಿನ ಸಾಲಿನಲ್ಲೇ "ಸಾಕ್ಷಿ 2 ಆ ಶಿಫ್ಟಿನ ಏಕೈಕ ಮಹಿಳಾ ಫೋರ್ಕ್‌ಲಿಫ್ಟ್ ಚಾಲಕಿ". ಇಡೀ ಜಿಲ್ಲೆಗೇ ಗೊತ್ತಾಗುತ್ತೆ! ಇನ್ನೊಂದು ಕಡೆ ಹೆಸರಿನ ಮೇಲೆ ಕಪ್ಪು ಮಾರ್ಕರ್ ಎಳೆದಿದ್ದರು, ಕಿಟಕಿ ಬೆಳಕಿಗೆ ಹಿಡಿದರೆ ಓದಬಹುದಿತ್ತು. ಕಂಪ್ಯೂಟರಿನಲ್ಲಿ ಕಪ್ಪು ಬಣ್ಣ ಬಳಿದರೂ ಅಷ್ಟೇ, ಕಾಪಿ ಮಾಡಿ ಬೇರೆ ಕಡೆ ಅಂಟಿಸಿದರೆ ಅಕ್ಷರ ಬಂದುಬಿಡುತ್ತೆ. ಹೆಸರು ತೆಗೆದು ಸಂಕೇತ ಟೈಪ್ ಮಾಡಿ, ಹೊಸದಾಗಿ ಪ್ರಿಂಟ್ ತೆಗೆಯಿರಿ. ಯಾವ ಸಂಕೇತ ಯಾರದು ಅನ್ನುವ ಹಾಳೆ ಬೇರೆ ಕವರಿನಲ್ಲಿ, ಅಧ್ಯಕ್ಷೆಯ ಬೀಗದಲ್ಲಿ ಇರಲಿ. ಪ್ರತಿಗಳಿಗೆ ನಂಬರ್ ಹಾಕಿ, ಪ್ರತಿ ಪುಟದ ಮೇಲೂ ಆ ನಂಬರ್ ಇರಲಿ. ಯಾವುದಾದರೂ ಪುಟದ ಫೋಟೋ ಓಡಾಡಿದರೆ ಯಾರ ಪ್ರತಿ ಅಂತ ಗೊತ್ತಾಗುತ್ತೆ.

ಕೋಚಿಮುಲ್ ಹಾಲು

ಎಚ್‌ಆರ್‌ನಲ್ಲಿ ಇದ್ದವನು ನಾನು. ಒಂದು ಪ್ರಶ್ನೆಗೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ಆರೋಪ ಬಂದವರು "ಸಾಕ್ಷಿ ಯಾರು ಅಂತ ಗೊತ್ತಾಗದೆ ನಾನು ಹೇಗೆ ಉತ್ತರ ಕೊಡಲಿ? ನನ್ನ ಮೇಲೆ ಹಳೇ ದ್ವೇಷ ಇರುವವರೇ ಇರಬಹುದಲ್ಲ?" ಅಂದರೆ ಏನು ಮಾಡಬೇಕು? ನಮ್ಮಲ್ಲಿ ಹೆಸರು ಕೊಟ್ಟೆವು. ಎರಡು ವಾರದಲ್ಲಿ ಆ ಹುಡುಗ ಲೈನಿನಲ್ಲಿ ಯಾರೂ ಮಾತಾಡಿಸದ ಹಾಗಾಗಿ ಕೆಲಸ ಬಿಟ್ಟ.

ಹಳೇ ಫೈಲು

ಇದರಲ್ಲಿ ನನಗೂ ಪೂರ್ತಿ ಸಮಾಧಾನ ಇಲ್ಲ. ಹೇಳಿಕೆಯಲ್ಲಿ ಏನಿದೆ ಅನ್ನುವುದನ್ನು ಅವರಿಗೆ ಕೊಡಲೇಬೇಕು, ಇಲ್ಲದಿದ್ದರೆ ಉತ್ತರಿಸುವ ಅವಕಾಶ ಬರೀ ಮಾತಾಗುತ್ತೆ. ಹೆಸರನ್ನು ನಾನು ಸಾಧ್ಯವಾದಷ್ಟೂ ಮುಚ್ಚುತ್ತೇನೆ, ದ್ವೇಷ ಇರುವವರು ಯಾರಾದರೂ ಇದ್ದಾರಾ ಅಂತ ಅವರಿಂದಲೇ ಪಟ್ಟಿ ತೆಗೆದುಕೊಂಡು ಸಾಕ್ಷಿ ಅದರಲ್ಲಿ ಇದ್ದಾನಾ ಅಂತ ನೋಡುತ್ತೇನೆ. ಆದರೆ ಸಾಕ್ಷಿ ಒಬ್ಬರೇ ಇದ್ದು, ಎಲ್ಲ ಆ ಮಾತಿನ ಮೇಲೇ ನಿಂತಿದ್ದರೆ? ಇಬ್ಬರು ವಕೀಲರನ್ನು ಕೇಳಿದರೆ ಮೂರು ಅಭಿಪ್ರಾಯ ಬರುತ್ತೆ.

ಕೋಚಿಮುಲ್ ಹಾಲು

ಪಟ್ಟಿ ತೆಗೆದುಕೊಳ್ಳುವುದು ನಮಗೆ ಹೊಳೆದಿರಲಿಲ್ಲ. ಆದರೂ ಆ ಹುಡುಗ ನೆನಪಾಗ್ತಾನೆ.

ಸ್ಟೋರ್ಸ್ ಅಕ್ಕ

ಪ್ರಕರಣದ ಬಗ್ಗೆ ಇನ್ನು ಬರೆಯಲ್ಲ. ತೀರ್ಮಾನದ ಪ್ರತಿ ಇಬ್ಬರಿಗೂ ಹೋಗಿದೆ, ಆಕ್ಷೇಪಕ್ಕೆ ಕಾಯುತ್ತಿದ್ದೇವೆ, ಅಷ್ಟು ಸಾಕು.

ದಾಖಲೆಯ ವಿಷಯದಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಹೇಳಿಕೆಗಳನ್ನು ಆಫೀಸಿನ ದೊಡ್ಡ ಜೆರಾಕ್ಸ್ ಮೆಷಿನ್‌ನಲ್ಲಿ ಸ್ಕ್ಯಾನ್ ಮಾಡಿದ್ದೆ. ಅದು ಎಲ್ಲರಿಗೂ ತೆರೆದಿರುವ ಫೋಲ್ಡರಿಗೆ ಹೋಗಿ ಕೂರುತ್ತೆ ಅಂತ ತಲೆಗೇ ಬಂದಿರಲಿಲ್ಲ. ಪೆನ್ ಡ್ರೈವ್‌ಗೆ ತೆಗೆದುಕೊಂಡೆ, ಅಲ್ಲಿದ್ದದ್ದನ್ನು ಅಳಿಸಲಿಲ್ಲ. ಶಾಲೆಯವರು ಕೇಳಿದ ಮಾರನೇ ದಿನ ಬೆಳಿಗ್ಗೆ ಬೇಗ ಹೋಗಿ ನೋಡಿದೆ. ಹನ್ನೊಂದು ಪುಟ ಅಲ್ಲೇ ಇತ್ತು, ಒಂಬತ್ತು ದಿನದಿಂದ. ಅಧ್ಯಕ್ಷೆಗೆ ಹೇಳಿದೆ. ಅವರು ಐಟಿಯವರಿಂದ ಯಾರು ಯಾರು ತೆರೆದಿದ್ದಾರೆ ಅನ್ನುವ ವಿವರ ಕೇಳಿದ್ದಾರೆ, ಇಬ್ಬರಿಗೂ ವಿಷಯ ತಿಳಿಸೋಣ ಅಂದಿದ್ದಾರೆ. ನನ್ನ ಮೇಲೆ ಏನು ಬರುತ್ತೋ ಗೊತ್ತಿಲ್ಲ.

ಅದೇ ಫೋಲ್ಡರಿನಲ್ಲಿ ಕೆಳಗೆ ಹೋದರೆ ಇನ್ನೊಂದು ಫೈಲು ಇತ್ತು. 2022ರದ್ದು. ತೆರೆಯಲಿಲ್ಲ. ಫೈಲಿನ ಹೆಸರೇ ಒಬ್ಬ ಹೆಂಗಸಿನ ಹೆಸರು, ಪಕ್ಕದಲ್ಲಿ "ದೂರು ಫೈನಲ್" ಅಂತ. ಆಕೆ ಈಗ ನಮ್ಮಲ್ಲಿ ಕೆಲಸದಲ್ಲಿಲ್ಲ.